ಹುಲಿಯಪ್ಪನವರು ಗ್ರೂಪಿಗೆ ಹಾಕಿದ ಹನ್ನೊಂದು ಪುಟ

ಮಲವಗೊಪ್ಪದ ಮುಖ್ಯರಸ್ತೆಯಲ್ಲಿ ಪಂಕ್ಚರ್ ಅಂಗಡಿಯ ಮೇಲೆ ಒಂದು ಇಂಟರ್‌ನೆಟ್ ಆಫೀಸು ಇದೆ. ಮೆಟ್ಟಿಲಿನ ಮೂಲೆ ಮೂಲೆಗೂ ಗುಟ್ಕಾ ಉಗಿದ ಕೆಂಪು. ವಾಣಿ ದಿನವೂ ಸೆರಗನ್ನು ಒಟ್ಟುಮಾಡಿ ಹಿಡಿದುಕೊಂಡು, ಗೋಡೆ ತಾಗದ ಹಾಗೆ ಹತ್ತುತ್ತಾಳೆ. ಎಂಟು ವರ್ಷದಿಂದ ಹೀಗೇ ಹತ್ತುತ್ತಿದ್ದಾಳೆ.

"ಈ ಉಗುಳಾದ್ರೂ ಒಣಗುತ್ತೆ ಅಕ್ಕ, ಆ ವಾಟ್ಸಾಪ್ ಗ್ರೂಪಿನ ಗಲೀಜು ಒಣಗೋದೇ ಇಲ್ಲ" ಎಂದು ಒಮ್ಮೆ ನನಗೆ ಹೇಳಿದ್ದಳು.

ನಾವಿಬ್ಬರೂ ಭದ್ರಾವತಿಯಿಂದ ಬೆಳಗಿನ ಒಂದೇ ಬಸ್ಸಿಗೆ ಬರುವವರು. ಅವಳು ಮಲವಗೊಪ್ಪದಲ್ಲಿ ಇಳಿಯುತ್ತಾಳೆ, ನಾನು ಗಾಂಧಿ ಬಜಾರಿನ ಸೀರೆ ಅಂಗಡಿಗೆ ಹೋಗುತ್ತೇನೆ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಬಸ್ಸಿನಲ್ಲಿ ಅವಳ ಬಾಯಿಂದ ಕೇಳಿದ್ದು. ಸ್ವಲ್ಪ ಭಾಗವನ್ನು ಸಮತಾ ಹೇಳಿದಳು. ಕೊನೆಯದನ್ನು ನಾನೇ ಕಂಡೆ.

ವಾಣಿಗೆ ನಲವತ್ತೈದರ ಹತ್ತಿರ. ಓದಿದ್ದು ಪಿಯುಸಿ. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಆಫೀಸಿನಲ್ಲಿ ಅವಳ ಕೆಲಸ ಕಂಪ್ಲೇಂಟ್ ಫೋನ್ ಎತ್ತುವುದು. ಸೇರಿದಾಗ 'ಬರೆದುಕೊಂಡಿದ್ದೇವೆ, ಹುಡುಗರನ್ನು ಕಳಿಸುತ್ತೇವೆ' ಎಂದಷ್ಟೇ ಹೇಳಬೇಕಿತ್ತು. ಲೈನ್‌ಮ್ಯಾನ್‌ಗಳು ಟೀ ಕುಡಿಯುತ್ತಾ ಆಡುವ ಮಾತಿಗೆ ಕಿವಿಗೊಟ್ಟು, ಕೇಳಿ ಕೇಳಿ, ಅವಳೇ ಕೂತಲ್ಲಿಂದ ಅರ್ಧ ಕಂಪ್ಲೇಂಟು ಬಗೆಹರಿಸುವಷ್ಟು ಕಲಿತಳು.

ಅದಕ್ಕೆ ಅವಳು ನೆಚ್ಚಿಕೊಂಡದ್ದು ರೂಟರಿನ ಒಳಗಿನ ಪುಟಗಳನ್ನು. ಮನೆಯ ವೈಫೈಗೆ ಸೇರಿದ ಫೋನಿನಲ್ಲಿ ಬ್ರೌಸರ್ ತೆರೆದು, ರೂಟರಿನ ತಳದಲ್ಲಿ ಬರೆದ ನಂಬರನ್ನು ಒತ್ತಿದರೆ ಅದರ ಒಳಗು ಕಾಣುತ್ತದೆ. ಅಲ್ಲಿ 'ಸ್ಟೇಟಸ್' ಎಂಬ ಕಡೆ ಹೋಗಿ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ ಎನ್ನುತ್ತಿದ್ದಳು. ಬೇಕಾದ್ದು ಮೂರೇ. ಮೊದಲನೆಯದು ಫೈಬರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಎಂದು ತೋರಿಸುವ ಪುಟ. ಅದರಲ್ಲಿ ಮೈನಸ್ ಇಪ್ಪತ್ತರ ಆಸುಪಾಸು ಇದ್ದರೆ ಚೆನ್ನಾಗಿದೆ ಎಂದು ಅರ್ಥ, ಇಪ್ಪತ್ತೇಳು ದಾಟಿತೆಂದರೆ ವೈರು ಎಲ್ಲೋ ಮಡಚಿದೆ ಇಲ್ಲವೇ ಜೋಡಣೆ ಕೆಟ್ಟಿದೆ. ಎರಡನೆಯದು ಹೊರಗಿನ ಸಂಪರ್ಕ ಬಂದಿದೆಯೋ ಇಲ್ಲವೋ, ಬಂದು ಎಷ್ಟು ಹೊತ್ತಾಯಿತು ಎಂದು ಹೇಳುವ ಪುಟ. ಲೈನ್ ಎಷ್ಟೆಷ್ಟು ಗಂಟೆಗೆ ಬಿದ್ದು ಎದ್ದಿದೆ ಎಂಬ ಲಾಗ್ ಪುಟ ಮೂರನೆಯದು. ಈ ಮೂರರಲ್ಲೂ ಸೀರಿಯಲ್ ನಂಬರ್, ಲಾಗಿನ್ ಹೆಸರು ಇದ್ದರೆ ಕತ್ತರಿಸಿ ಕಳಿಸಬೇಕು. ಅವೆಲ್ಲ ಆಫೀಸಿನ ಕಂಪ್ಯೂಟರಿನಲ್ಲೇ ಇರುತ್ತವೆ, ಮತ್ತೆ ಕೇಳುವ ಅಗತ್ಯವಿಲ್ಲ. ವೈಫೈ ಪಾಸ್‌ವರ್ಡ್ ಇರುವ ಪುಟವಂತೂ ಬೇಡವೇ ಬೇಡ.

ಜನ ಬೇಡ ಎಂದದ್ದನ್ನೇ ಕಳಿಸುತ್ತಿದ್ದರು. ರೂಟರನ್ನು ಮಗುಚಿ ತಳದ ಚೀಟಿಯ ಫೋಟೋ ತೆಗೆಯುತ್ತಿದ್ದರು. ಹೆಸರು, ಪಾಸ್‌ವರ್ಡ್, ಎಲ್ಲವೂ ಅದರಲ್ಲೇ. ಕೆಲವರು ಬಹಳ ಜಾಣರಂತೆ ಪಾಸ್‌ವರ್ಡಿನ ಮೇಲೆ ಫೋನಿನ ಹೈಲೈಟರಿನಿಂದ ಕಪ್ಪು ಗೀಟು ಎಳೆಯುತ್ತಿದ್ದರು. ಆ ಗೀಟು ತೆಳು ಬಣ್ಣ, ಅಡಿಯ ಅಕ್ಷರಗಳು ಅಳಿಯುವುದಿಲ್ಲ. ಚಿತ್ರದ ಬೆಳಕು ಹೆಚ್ಚಿಸಿದರೆ ಪಾಸ್‌ವರ್ಡ್ ಮತ್ತೆ ಕಾಣುತ್ತದೆ.

"ಗೀಟು ಎಳೀಬೇಡಿ, ಆ ಭಾಗವನ್ನೇ ಕತ್ತರಿಸಿ ಬಿಸಾಕಿ" ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಆಫೀಸಿನ ಮಾಲೀಕ ವಿಷ್ಣುಪ್ರಸಾದನಿಗೆ ಇದು ಹಿಡಿಸುತ್ತಿರಲಿಲ್ಲ. ಅವನು 'ಗ್ರಾಹಕ ಸೇವೆ' ಎಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದ. ನಾನೂರು ಜನರಿದ್ದರು. ಯಾರಿಗೆ ತೊಂದರೆಯಾದರೂ ಅದಕ್ಕೇ ಹಾಕಬೇಕು, ಯಾವ ಲೈನ್‌ಮ್ಯಾನ್ ಬಿಡುವಾಗಿದ್ದಾನೋ ಅವನು ಎತ್ತಿಕೊಳ್ಳುತ್ತಾನೆ. ಇದು ಅವನ ಪದ್ಧತಿ.

"ನಾನೂರು ಜನದ ಎದುರು ಮನೆ ಬೀಗದ ಕೈ ತೋರಿಸ್ತಾರೆ ಸಾರ್" ಎಂದು ವಾಣಿ ಹೇಳಿದರೆ, "ಎಲ್ಲ ನಮ್ಮೋರೇ ಅಲ್ವೇನಮ್ಮ, ಕಳ್ರು ಯಾರಿದಾರೆ?" ಎಂದು ನಗುತ್ತಿದ್ದ.

ಬೆಳಗಾದರೆ ಆ ಗ್ರೂಪಿನಲ್ಲಿ ಶುಭೋದಯದ ದೇವರ ಪಟ. ಅದರ ಅಡಿಯಲ್ಲಿ ಯಾರದೋ ಮನೆಯ ಪಾಸ್‌ವರ್ಡ್. ಮತ್ತೆ ಅಡಿಯಲ್ಲಿ ಹೆಂಗಸರ ಮೇಲೆ ಕಟ್ಟಿದ ಕೊಳಕು ಜೋಕು, ಅದಕ್ಕೆ ಇಪ್ಪತ್ತು ಜನರ ನಗು. ದೇವರ ಪಟವನ್ನು ಅಂಥ ಕಡೆ ಇಡುವುದನ್ನು ವಾಣಿಯ ಫೋನಿನಲ್ಲಿ ನೋಡಿದರೆ ನನಗೆ ಮೈ ಮುದುಡುತ್ತದೆ. ಕೈ ಮುಗಿಯಬೇಕೋ ಕಣ್ಣು ಮುಚ್ಚಬೇಕೋ ತಿಳಿಯುವುದಿಲ್ಲ.

ಭದ್ರಾವತಿಯ ನ್ಯೂ ಟೌನಿನಲ್ಲಿ ಹುಲಿಯಪ್ಪ ಎಂಬುವರ ಮನೆ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಮಗ ಯೋಗರಾಜ್ ಔಷಧಿ ಕಂಪನಿಯ ಮಾರಾಟದ ಕೆಲಸದಲ್ಲಿ ಊರೂರು ಸುತ್ತುತ್ತಾನೆ. ಸೊಸೆ ಸಮತಾ ಮನೆಯಲ್ಲೇ ಕೂತು ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಇಪ್ಪತ್ತಾರು ಮಕ್ಕಳಿದ್ದರು. ಆ ವರ್ಷ ಬೇಸಿಗೆಯ ಕೊನೆಗೆ ಅವರ ಮನೆಯ ನೆಟ್ಟು ದಿನಕ್ಕೆ ನಾಲ್ಕಾರು ಸಲ ಬೀಳತೊಡಗಿತು. ಲೆಕ್ಕ ಅರ್ಧಕ್ಕೇ ನಿಂತರೆ ಮಕ್ಕಳು ಬಿಟ್ಟು ಹೋಗುತ್ತಾರೆ ಎಂದು ಸಮತಾ ಮಾವನಿಗೆ ಹೇಳಿದಳು. ಅವರು ಆಫೀಸಿಗೆ ಫೋನ್ ಮಾಡಿದರು.

ಅಂದು ವಾಣಿಗೆ ರಜೆ. ಫೋನ್ ಎತ್ತಿದವನು ವಿಷ್ಣುಪ್ರಸಾದ. "ಸ್ಟೇಟಸ್ ಪೇಜ್ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಸಾರ್" ಎಂದ. ಯಾವ ಪುಟ ಎಂದು ಅವರು ಕೇಳಿದ್ದಕ್ಕೆ "ಎಲ್ಲ ಹಾಕಿ, ನಮ್ಮ ಹುಡುಗರು ನೋಡ್ಕೋತಾರೆ" ಎಂದ.

ಹುಲಿಯಪ್ಪ ಕಾರ್ಖಾನೆಯಲ್ಲಿ ಪಾಳಿ ಮುಗಿದಾಗಲೆಲ್ಲ ಲಾಗ್ ಪುಸ್ತಕ ಬರೆದವರು. ಅಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಫೋರ್‌ಮನ್ ಪುಸ್ತಕವನ್ನು ಮುಖದ ಮೇಲೆ ಎಸೆಯುತ್ತಿದ್ದನಂತೆ. ಕಾಲಂ ಖಾಲಿ ಇರಬಾರದು ಎಂಬುದು ಅವರ ಮೂಳೆಯಲ್ಲೇ ಕೂತುಬಿಟ್ಟಿತ್ತು. ರೂಟರಿನಲ್ಲಿ ಎಷ್ಟು ಪುಟ ಇದೆಯೋ ಅಷ್ಟನ್ನೂ ತೆರೆದರು. ವೈಫೈ ಪುಟದಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿಗಳು ಇದ್ದವು. ಚುಕ್ಕಿ ಇದ್ದರೆ ಬರೆಯದೆ ಬಿಟ್ಟ ಹಾಗೆ ಎಂದುಕೊಂಡು, ಪಕ್ಕದ ಕಣ್ಣಿನ ಗುರುತು ಒತ್ತಿ, ಅಕ್ಷರಗಳನ್ನೆಲ್ಲ ಹೊರಗೆ ತಂದು, ಆಮೇಲೆ ಚಿತ್ರ ತೆಗೆದರು. ಒಟ್ಟು ಹನ್ನೊಂದು. ಎಲ್ಲವನ್ನೂ ಗ್ರೂಪಿಗೆ ಹಾಕಿದರು. "ಸಂಪೂರ್ಣ ವರದಿ" ಎಂದು ಅಡಿಯಲ್ಲಿ ಬರೆದರು. ಕೆಲವರು ಹೆಬ್ಬೆರಳು ತೋರಿಸಿದರು. ಮುದುಕರಿಗೆ ಖುಷಿಯಾಯಿತು.

ಮಾರನೆಯ ದಿನ ವಾಣಿ ನೋಡಿದಳು. ಎಂಟು ಚಿತ್ರಗಳಿಂದ ಕೆಡುಕಿರಲಿಲ್ಲ. ಬೆಳಕಿನ ಪುಟದಲ್ಲಿ ಮೈನಸ್ ಇಪ್ಪತ್ತೊಂಬತ್ತೂವರೆ ಇತ್ತು. ರೋಗ ಅಲ್ಲೇ ಗೊತ್ತಾಯಿತು. ಉಳಿದ ಮೂರರಲ್ಲಿ ಒಂದು ವೈಫೈ ಪಾಸ್‌ವರ್ಡಿನ ಪುಟ. ಇನ್ನೊಂದು ಆಫೀಸು ಕೊಟ್ಟ ಲಾಗಿನ್ ಹೆಸರಿನದು. ಮೂರನೆಯದು ಮನೆಯ ವೈಫೈಗೆ ಏನೇನು ಸೇರಿದೆ ಎಂಬ ಪಟ್ಟಿ. ಟಿವಿ, ಮೂರು ಫೋನು, ಲ್ಯಾಪ್‌ಟಾಪ್, ಒಂದು ಕ್ಯಾಮೆರಾ. ಪ್ರತಿಯೊಂದರ ಮುಂದೆ ಅದರ ವಿಳಾಸದ ಅಂಕಿ.

ತಕ್ಷಣ ಫೋನ್ ಮಾಡಿದಳು. "ಅಪ್ಪಾಜಿ, ಆ ಹನ್ನೊಂದನ್ನೂ ಈಗಲೇ ಅಳಿಸಿ. 'ಎಲ್ಲರಿಗೂ ಅಳಿಸು' ಅಂತ ಇರುತ್ತೆ, ಅದನ್ನ ಒತ್ತಿ."

"ಯಾಕಮ್ಮ, ಏನಾದ್ರೂ ಬಿಟ್ಟುಹೋಗಿದ್ಯಾ?"

"ಏನೂ ಬಿಟ್ಟಿಲ್ಲ, ಅದೇ ತೊಂದ್ರೆ. ನಿಮ್ಮನೆ ಪಾಸ್‌ವರ್ಡನ್ನ ಊರೆಲ್ಲ ನೋಡಿದೆ. ಅಳಿಸಿದ್ರೂ ಫೋನಿಗೆ ಇಳಿಸ್ಕೊಂಡವರ ಹತ್ರ ಉಳ್ದಿರುತ್ತೆ. ಅದಕ್ಕೇ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ."

ಅಳಿಸಿದರು. ಲೈನ್‌ಮ್ಯಾನ್ ರೂಪೇಶ್ ಹೋಗಿ ಕಂಬದ ಬಳಿಯ ಜೋಡಣೆಯನ್ನು ಹೊಸದಾಗಿ ಮಾಡಿದ, ನೆಟ್ಟು ಸರಿಹೋಯಿತು. ಪಾಸ್‌ವರ್ಡ್ ಮಾತ್ರ ಬದಲಾಗಲಿಲ್ಲ. ಬದಲಿಸಿದರೆ ಟಿವಿ, ಕ್ಯಾಮೆರಾ, ಎಲ್ಲರ ಫೋನು, ಎಲ್ಲವನ್ನೂ ಮತ್ತೆ ಸೇರಿಸಬೇಕಲ್ಲ ಎಂದು ರೂಪೇಶ್ ಗೊಣಗಿದನಂತೆ. "ಚೆನ್ನಾಗಿ ನಡೀತಿದೆ, ಯಾಕೆ ಮುಟ್ತೀರ ಬಿಡಿ ಸಾರ್" ಎಂದನಂತೆ. ಆ ಕ್ಯಾಮೆರಾವನ್ನೂ ಅವನೇ ಹಾಕಿದ್ದ. ಹಿತ್ತಲಿನ ಬೋರ್‌ವೆಲ್ ಮೋಟಾರ್ ಒಮ್ಮೆ ಕಳುವಾದ ಮೇಲೆ ಯೋಗರಾಜ್ ಹಾಕಿಸಿದ ಕ್ಯಾಮೆರಾ ಅದು. ನೆನಪಿಡಲು ಸುಲಭ ಎಂದು ವೈಫೈಗೂ ಕ್ಯಾಮೆರಾಕ್ಕೂ ರೂಪೇಶ್ ಒಂದೇ ಪಾಸ್‌ವರ್ಡ್ ಇಟ್ಟಿದ್ದ.

ಮೂರು ವಾರದ ನಂತರ ಒಂದು ಮಧ್ಯಾಹ್ನ, ಕ್ಯಾಮೆರಾ ಹಾಕಿದ್ದು ಈ ಆಫೀಸಿನವರೇ ಎಂದು, ಸಮತಾ ಆ ಕೆಂಪು ಮೆಟ್ಟಿಲು ಹತ್ತಿ ಬಂದಳು. ವಿಷ್ಣುಪ್ರಸಾದ ಊಟಕ್ಕೆ ಹೋಗಿದ್ದ. ಅವಳು ಕೂರಲಿಲ್ಲ. ಫೋನನ್ನು ವಾಣಿಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತಳು.

ಇಪ್ಪತ್ತು ಸೆಕೆಂಡಿನ ವಿಡಿಯೋ. ಹಿತ್ತಲ ಬಟ್ಟೆ ಒಗೆಯುವ ಕಲ್ಲು. ತಲೆಗೆ ನೀರು ಹಾಕಿಕೊಂಡು ಬಂದ ಸಮತಾ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಕೂದಲು ಮುಂದಕ್ಕೆ ಹರವಿ, ಸಿಕ್ಕು ಬಿಡಿಸುತ್ತಿದ್ದಾಳೆ. ಅಷ್ಟೇ. ಯಾವ ಮನೆಯ ಹಿತ್ತಲಲ್ಲಾದರೂ ಕಾಣುವುದೇ. ಆದರೆ ಅದನ್ನು ಹಿಗ್ಗಿಸಿ, ಎಲ್ಲೆಲ್ಲೋ ಹತ್ತಿರ ತಂದು, ಅಡಿಯಲ್ಲಿ 'ಟೀಚರ್ ಲೈವ್ ಕ್ಲಾಸ್' ಎಂದು ಬರೆದಿದ್ದರು. ಅದರ ಮುಂದಿನ ಮಾತನ್ನು ವಾಣಿ ನನಗೆ ಹೇಳಲಿಲ್ಲ. ಹೇಳಲು ಹೋಗಿ ಬಸ್ಸಿನ ಕಿಟಕಿಯಿಂದ ಹೊರಗೆ ಉಗಿದಳು. ಎಂಟು ವರ್ಷದಲ್ಲಿ ಅವಳು ಉಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇದನ್ನ ನಂಗೆ ಕಳಿಸಿದ್ದು ಒಬ್ಬ ಹುಡುಗನ ತಾಯಿ" ಎಂದಳು ಸಮತಾ. "'ಇದು ನೀವಾ ಮಿಸ್' ಅಂತ ಕೇಳಿದ್ರು. ಅವರ ಮಗನ್ನ ಬಿಡಿಸಿದ್ರು. ಆಮೇಲೆ ಒಬ್ಬೊಬ್ಬರಾಗಿ, ಒಟ್ಟು ಒಂಬತ್ತು ಜನ."

"ಮನೇಲಿ ಏನಂತಾರೆ?"

"ಕ್ಯಾಮೆರಾ ಆ್ಯಪ್ ಇರೋದು ನಮ್ಮಿಬ್ಬರ ಫೋನಲ್ಲಿ ಮಾತ್ರ. ಅವರದ್ದು, ನನ್ನದು. 'ನಾನು ಕಳ್ಸಿಲ್ಲ, ಮತ್ತೆ ಯಾರು ಕಳ್ಸಿದ್ರು' ಅಂತಾರೆ. 'ಯಾರಿಗೆ ಕೊಟ್ಟಿದ್ದೀಯ ಹೇಳ್ಬಿಡು, ಹೇಳಿದ್ರೆ ಮುಗೀತು' ಅಂತಾರೆ. ಅದು ಗೊತ್ತಾಗೋವರೆಗೂ ಕ್ಲಾಸ್ ಮಾಡೋ ಹಾಗಿಲ್ಲ ಅಂತ ಲ್ಯಾಪ್‌ಟಾಪ್ ಬೀರುವಿಗೆ ಹಾಕಿ ಬೀಗ ಹಾಕಿದಾರೆ."

ಹೇಸಿಗೆಗೆ ಒಂದು ವಾಸನೆ ಇರುತ್ತದೆ ಎಂದು ವಾಣಿ ಹೇಳುತ್ತಿದ್ದಳು. ವಿಡಿಯೋ ಮಾಡಿದವನಲ್ಲಿ ಅದು ಇರುವುದು ಸರಿ. ಹಂಚಿದವರಲ್ಲೂ ಇರುತ್ತದೆ. ಆದರೆ ಹನ್ನೆರಡು ವರ್ಷ ಒಟ್ಟಿಗೆ ಉಂಡವನ ಬಾಯಲ್ಲೂ ಅದೇ ವಾಸನೆ ಬಂದರೆ ಹೆಂಗಸು ಮೂಗನ್ನು ಎಲ್ಲಿಗೆ ತಿರುಗಿಸಬೇಕು?

ವಾಣಿ ಸಮತಾಳನ್ನು ಕೂರಿಸಿ ಹನ್ನೊಂದು ಪುಟದ ಕಥೆ ಹೇಳಿದಳು. ಒಂದು ಪುಟದಿಂದ ಮನೆಯೊಳಗೆ ಬರುವ ದಾರಿ ಸಿಕ್ಕಿತು. ಪಟ್ಟಿಯ ಪುಟ ಕ್ಯಾಮೆರಾ ಎಲ್ಲಿದೆ ಎಂದು ಹೇಳಿತು. ಬಾಗಿಲಿಗೆ ಬೇರೆ ಕೀಲಿ ಬೇಕಿರಲಿಲ್ಲ, ಎರಡಕ್ಕೂ ಒಂದೇ ಪಾಸ್‌ವರ್ಡ್. ಗ್ರೂಪಿನಲ್ಲಿ ನಾನೂರು ಜನ ಇರಬಹುದು, ಆದರೆ ಈ ವೈಫೈ ಹಿಡಿಯಬೇಕಾದರೆ ಮನೆಯ ಹತ್ತಿರವೇ ಇರಬೇಕು. ಅಕ್ಕಪಕ್ಕದ ಮೂರು ನಾಲ್ಕು ಮನೆ. ಅದಕ್ಕಿಂತ ದೂರ ಸಿಗುವುದಿಲ್ಲ.

"ಯಾರು ಅಂತ ಗೊತ್ತಾಗುತ್ತಾ ಅಕ್ಕ?" ಎಂದಳು ಸಮತಾ.

"ರೂಟರ್ ಬರ್ಕೊಂಡಿರುತ್ತೆ. ಯಾವ ಯಾವ ಫೋನ್ ಸೇರಿದೆ ಅಂತ. ಆದ್ರೆ ಆ ಪಟ್ಟಿ ಶಾಶ್ವತ ಅಲ್ಲ, ಒಂದು ದಿನ ಇರುತ್ತೆ, ಹೆಚ್ಚಂದ್ರೆ ಎರಡು. ಆಫ್ ಮಾಡಿದ್ರೆ ಹೋಯ್ತು. ನೀವು ಮನೆಗೆ ಹೋಗಿ. ಪಾಸ್‌ವರ್ಡ್ ಬದಲಾಯಿಸ್ಬೇಡಿ, ಸ್ವಿಚ್ ಮುಟ್ಬೇಡಿ. ಮೊದ್ಲು ಕ್ಯಾಮೆರಾ ಮೇಲೆ ಒಂದು ಬಟ್ಟೆ ಕಟ್ಟಿ. ಆಮೇಲೆ ನಂಗೆ ಫೋನ್ ಮಾಡಿ."

ಸಮತಾ ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ವಿಷ್ಣುಪ್ರಸಾದ ಬಂದ. ವಾಣಿ ಅವನಿಗೆ ವಿಷಯ ತಿಳಿಸಿದಳು. ತಿಳಿಸಬಾರದಿತ್ತು ಎಂದು ಆಮೇಲೆ ನನ್ನೆದುರು ತಲೆ ಚಚ್ಚಿಕೊಂಡಳು. ಅವನ ಮುಖದಲ್ಲಿ ಮೊದಲು ಕಂಡದ್ದು ಆ ಹೆಣ್ಣಿನ ಮೇಲಿನ ಕನಿಕರವಲ್ಲ.

"ಪೊಲೀಸಿಗೆ ಹೋಗ್ತಾರಾ?" ಎಂದ.

"ಹೋಗ್ಬೇಕಲ್ವ ಸಾರ್."

"ನಮ್ಮ ಗ್ರೂಪಿಂದಾನೇ ಹೋಗಿದ್ದು ಅಂತ ಬರುತ್ತೆ ಮಾರಾಯ್ತಿ! ನಾಳೆ ಯಾರು ಕನೆಕ್ಷನ್ ತಗೋತಾರೆ?" ಅಲ್ಲೇ ಫೋನ್ ತೆಗೆದು ರೂಪೇಶನಿಗೆ ಹೇಳಿದ: "ಹುಲಿಯಪ್ಪನ ಮನೆಗೆ ಹೋಗು. ಅವರ ಬಾಕ್ಸ್ ಫುಲ್ ರಿಸೆಟ್ ಹೊಡಿ. ಸೇಫ್ಟಿಗೆ ಅಂತ ಹೇಳು. ಪಾಸ್‌ವರ್ಡೂ ಹೊಸದು ಹಾಕು, ಒಳ್ಳೇದೇ ಅಲ್ವ."

ಒಳ್ಳೆಯ ಕೆಲಸದ ವೇಷ ಹಾಕಿಸಿ ಹೊಲಸು ಮುಚ್ಚುವುದು ಎಂದರೆ ಇದೇ. ರಿಸೆಟ್ ಹೊಡೆದರೆ ಪಟ್ಟಿ, ಲಾಗ್ ಎಲ್ಲ ತೊಳೆದು ಹೋಗುತ್ತದೆ. ಆಮೇಲೆ ಸಮತಾ ಜೀವನವಿಡೀ ಗಂಡನ ಮುಂದೆ 'ನಾನಲ್ಲ' ಎನ್ನುತ್ತಾ ಕೂರಬೇಕು.

ವಾಣಿ ಬಾತ್‌ರೂಮಿಗೆ ಹೋಗುವವಳಂತೆ ಕೆಳಗಿಳಿದು, ಪಂಕ್ಚರ್ ಅಂಗಡಿಯ ಪಕ್ಕ ನಿಂತು ಸಮತಾಳಿಗೆ ಫೋನ್ ಮಾಡಿದಳು. ಸಮತಾ ಅದೇ ತಾನೆ ಮನೆ ಸೇರಿದ್ದಳು.

"ರೂಪೇಶ್ ಬರ್ತಿದಾನೆ. ಅರ್ಧ ಗಂಟೆ ಇದೆ ಅಷ್ಟೇ. ರೂಟರ್ ಪುಟ ತೆಗೀರಿ. ಆ ಪಟ್ಟಿ ಇದ್ಯಾ? ಸೇರಿರೋ ಡಿವೈಸು?"

"ಇದೆ... ಟಿವಿ, ಮಾವಂದು, ನಂದು, ಅವರದು, ಕ್ಯಾಮೆರಾ..." ಸಮತಾ ನಿಲ್ಲಿಸಿದಳು.

"ಏನಿದೆ ಓದಮ್ಮ."

"ದುಶ್ಯಂತ್ ಸೆಕ್ರೆಟರಿ ಅಂತ ಇದೆ."

ಗೋಡೆಯಾಚೆಯ ಮನೆಯವನು ದುಶ್ಯಂತ್. ಬಡಾವಣೆ ಸಂಘದ ಕಾರ್ಯದರ್ಶಿ. ಮೀಟಿಂಗಿನಲ್ಲಿ ಎಲ್ಲರಿಗೂ ತನ್ನ ಫೋನಿನ ನೆಟ್ಟು ಹಂಚಲು, ಗುರುತು ಸಿಗಲಿ ಎಂದು ಫೋನಿಗೆ ಈ ಹೆಸರು ಇಟ್ಟುಕೊಂಡಿದ್ದ. ಗಣೇಶನ ಚಂದಾ ಎತ್ತಲು ಬಂದು 'ಅಕ್ಕಾ, ಪ್ರಸಾದ ಕಳಿಸ್ತೀನಿ' ಎಂದು ಸಮತಾಳ ಬಾಗಿಲಲ್ಲಿ ಕೈ ಜೋಡಿಸುತ್ತಿದ್ದವನು.

"ಅಳ್ಬೇಡಿ, ಆಮೇಲೆ ಅತ್ರಾಯ್ತು" ಎಂದಳಂತೆ ವಾಣಿ. "ಈಗ ಏನೂ ಕತ್ತರಿಸ್ಬೇಡಿ. ಇಡೀ ಪುಟ ಬರ್ಬೇಕು. ಅವನ ಹೆಸರಿನ ಮುಂದೆ ಉದ್ದದ ವಿಳಾಸ ಇದ್ಯಲ್ಲ, ಅದರ ಕೊನೇ ಅಂಕಿ ಎಷ್ಟು?"

"ಇಪ್ಪತ್ಮೂರು."

"ಇನ್ನು ಕ್ಯಾಮೆರಾ ಪುಟ ತೆಗೀರಿ. ಅದ್ರಲ್ಲೂ ಲಾಗ್ ಅಂತ ಇರುತ್ತೆ. ಯಾರು ಯಾವಾಗ ಒಳಗೆ ಬಂದ್ರು ಅಂತ."

ಅಲ್ಲೂ ಅದೇ ಇಪ್ಪತ್ತಮೂರು ಇತ್ತು. ಹಿಂದಿನ ದಿನ ಬೆಳಿಗ್ಗೆ, ಅದರ ಹಿಂದಿನ ದಿನ, ವಾರಕ್ಕೆ ನಾಲ್ಕೈದು ಸಲ, ಎಲ್ಲವೂ ಹನ್ನೊಂದು ಗಂಟೆಯ ಆಸುಪಾಸು. ಸಮತಾ ಸ್ನಾನ ಮುಗಿಸಿ ಹಿತ್ತಲಿಗೆ ಬರುವ ಹೊತ್ತು ಅದು. ವಿಡಿಯೋದ ಮೂಲೆಯಲ್ಲಿ ಮೂಡಿದ್ದ ತಾರೀಕಿನ ದಿನವೂ ಇತ್ತು, ಅದೇ ಗಂಟೆಗೆ.

ರೂಪೇಶ್ ಬಂದು ಗೇಟು ತಟ್ಟುವಾಗ ಸಮತಾ ಕೊನೆಯ ಚಿತ್ರ ತೆಗೆಯುತ್ತಿದ್ದಳು. ಹುಲಿಯಪ್ಪ ಬಾಗಿಲು ತೆಗೆದರು. ಸೊಸೆಯ ಮುಖ ನೋಡಿ ಅವರಿಗೆ ಏನೋ ಅನ್ನಿಸಿರಬೇಕು. "ಸೇಫ್ಟಿಗೆ ರಿಸೆಟ್ ಮಾಡ್ಬೇಕಂತೆ ಸಾರ್" ಎಂದ ರೂಪೇಶನಿಗೆ, "ನಮ್ಮ ಕಡೆಯಿಂದ ಕಂಪ್ಲೇಂಟು ಕೊಟ್ಟಿಲ್ವಲ್ಲಪ್ಪ, ನಾಳೆ ಬಾ" ಎಂದು ಹೇಳಿ ಬಾಗಿಲಿಗೆ ಅಡ್ಡ ನಿಂತರು.

ಆ ಸಂಜೆ ಯೋಗರಾಜ್ ಬಂದಾಗ, ಸೊಸೆಯಿಂದ ಎಲ್ಲ ಕೇಳಿ ತಿಳಿದಿದ್ದ ಹುಲಿಯಪ್ಪ ಅವನನ್ನು ಎದುರಿಗೆ ಕೂರಿಸಿಕೊಂಡರು. ಗ್ರೂಪಿನಿಂದ ಅಳಿಸಿದರೂ ತಮ್ಮ ಫೋನಿನಲ್ಲಿ ಉಳಿದಿದ್ದ ಮೂರು ವಾರದ ಹಿಂದಿನ ಹನ್ನೊಂದು ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. "ಬೀದಿಗೆ ಹಾಕಿದ್ದು ನಾನು. ನೀನು ನಿನ್ನ ಹೆಂಡ್ತೀನ ಕೇಳ್ತಿದ್ದೀಯ. ನನ್ನನ್ನ ಕೇಳು" ಎಂದರು. ಆಮೇಲೆ ಸೊಸೆ ತೆಗೆದ ಚಿತ್ರಗಳನ್ನು ತೋರಿಸಿದರು. ಯೋಗರಾಜ್ ಎಲ್ಲವನ್ನೂ ನೋಡಿದ. ಎದ್ದು ಹೋಗಿ ಬೀರುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಹೆಂಡತಿಯ ಕೈಗೆ ಕೊಡುವಷ್ಟು ಧೈರ್ಯ ಇರಲಿಲ್ಲ ಎಂದು ಕಾಣುತ್ತದೆ.

ಮಾರನೆಯ ದಿನ ಸಮತಾ, ಹುಲಿಯಪ್ಪ ಇಬ್ಬರೂ ಪೊಲೀಸ್ ಠಾಣೆಗೆ ದೂರು ಕೊಡಲು ಹೋದರು. ವಾಣಿ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋದಳು. ದೂರು ಬರೆದುಕೊಳ್ಳುತ್ತಿದ್ದವನು ಚಿತ್ರಗಳನ್ನು ನೋಡಿ, "ಇದನ್ನ ನಮ್ಮ ಗ್ರೂಪಿಗೆ ಹಾಕ್ಬಿಡಮ್ಮ, ಸಾಹೇಬ್ರು ನೋಡ್ತಾರೆ" ಎಂದ. ವಾಣಿ ಬಾಯಿ ತೆರೆಯುವ ಮೊದಲೇ ಸಮತಾ ಹೇಳಿದಳು:

"ಗ್ರೂಪಿಗೆ ಹಾಕಲ್ಲ ಸಾರ್. ಪೆನ್‌ಡ್ರೈವಲ್ಲಿ ಪೂರ್ತಿ ಇದೆ, ನಿಮ್ಮ ಕೈಗೆ ಕೊಡ್ತೀನಿ. ತಗೊಂಡಿದ್ದೀವಿ ಅಂತ ಬರ್ದು ಕೊಡಿ."

ಅವನು ಮುಖ ಗಂಟಿಕ್ಕಿಕೊಂಡ, ಆದರೆ ಬರೆದು ಕೊಟ್ಟ. ಅದಾದ ಮೇಲೆಯೇ ಮನೆಗೆ ಬಂದು ಎಲ್ಲ ಪಾಸ್‌ವರ್ಡನ್ನೂ ಬದಲಾಯಿಸಿದರು, ಒಂದಕ್ಕೊಂದು ಸೇರದ ಹಾಗೆ. ಕ್ಯಾಮೆರಾ ಬಿಚ್ಚಿಟ್ಟರು.

ಕರೆಸಿ ವಿಚಾರಿಸಿದಾಗ ದುಶ್ಯಂತ್ ಅಳಲಿಲ್ಲ, ತಲೆ ತಗ್ಗಿಸಲಿಲ್ಲ. "ಎಲ್ಲರಿಗೂ ಸಿಕ್ಕಿದ್ದೇ ಅಲ್ವ ಸಾರ್, ಅವರೇ ಹಾಕಿದ್ದು, ನಾನೊಬ್ಬನೇ ನೋಡಿದ್ದಾ?" ಎಂದನಂತೆ. ಅವನ ಫೋನು ಈಗ ಠಾಣೆಯಲ್ಲೇ ಇದೆ, ಕೇಸು ನಡೆಯುತ್ತಿದೆ. ಸಂಘದವರು ಅವನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯಲು ಮೂರು ಮೀಟಿಂಗ್ ಮಾಡಿದರು. ಮೂರರಲ್ಲೂ 'ಪಾಪ, ಮನೇಲಿ ಮಕ್ಕಳಿದಾರೆ' ಎಂದವರು ಇದ್ದರು. ಸಮತಾಳ ಮನೆಯಲ್ಲೂ ಮಕ್ಕಳಿದ್ದಾರೆ ಎಂದು ಹೇಳಿದವರು ಎಷ್ಟು ಜನವೋ ಗೊತ್ತಿಲ್ಲ.

ಬಿಟ್ಟುಹೋದ ಒಂಬತ್ತು ಮಕ್ಕಳಲ್ಲಿ ನಾಲ್ವರು ವಾಪಸು ಬಂದರು. ಆ ವಿಡಿಯೋ ಕಳಿಸಿದ ತಾಯಿ ಬಂದಿಲ್ಲ. ಆಕೆ ಅದನ್ನು ಇನ್ನೂ ಎಷ್ಟು ಜನಕ್ಕೆ ಕಳಿಸಿದ್ದಳೋ.

ವಿಷ್ಣುಪ್ರಸಾದ ವಾಣಿಯನ್ನು ಕೆಲಸದಿಂದ ತೆಗೆಯಲು ನೋಡಿದ. ಆದರೆ ರಿಸೆಟ್ ಹೊಡಿ ಎಂದು ಹೇಳಿದ ಮಾತನ್ನು ಅವಳು ಕೇಳಿಸಿಕೊಂಡಿದ್ದಾಳೆ ಎಂಬುದು ಅವನಿಗೆ ನೆನಪಿತ್ತು. ಗ್ರೂಪಿಗೆ ಯಾರೂ ಏನೂ ಹಾಕದಂತೆ ಬಂದ್ ಮಾಡಿದ. ಈಗ ಕಂಪ್ಲೇಂಟೆಲ್ಲ ಅವಳ ಆಫೀಸು ನಂಬರಿಗೇ ಬರುತ್ತದೆ. ಸರಿಯಾದ ಮೂರು ಪುಟ ಬಂದರೆ ನೋಡುತ್ತಾಳೆ. ಪಾಸ್‌ವರ್ಡ್ ಕಂಡರೆ ನೋಡದೆಯೇ ಅಳಿಸಿ, ಫೋನ್ ಮಾಡಿ ಬೈಯುತ್ತಾಳೆ. ಬೈಸಿಕೊಂಡವರು ಇವಳಿಗೆ ಸೊಕ್ಕು ಎನ್ನುತ್ತಾರೆ.

ಕಳೆದ ಶನಿವಾರ ಅಂಗಡಿಗೆ ರಜೆ ಇತ್ತು, ಅವಳಿಗೆ ಪ್ರಸಾದ ಕೊಡಲೆಂದು ನಾನು ಮಲವಗೊಪ್ಪದಲ್ಲಿ ಇಳಿದಿದ್ದೆ. ನಾನು ಅವಳ ಆಫೀಸಿನಲ್ಲಿ ಕೂತಿದ್ದಾಗ ಯೋಗರಾಜ್ ಬಂದ. ಒಂದು ಕೈಯಲ್ಲಿ ಸಿಹಿಯ ಪೆಟ್ಟಿಗೆ, ಇನ್ನೊಂದರಲ್ಲಿ ಆ ಬಿಚ್ಚಿಟ್ಟ ಕ್ಯಾಮೆರಾ.

"ಬಹಳ ಉಪಕಾರ ಆಯ್ತು ಮೇಡಂ" ಎಂದ. ಸಿಹಿ ಮೇಜಿನ ಮೇಲಿಟ್ಟ. ವಾಣಿ ಅದನ್ನು ಮುಟ್ಟಲಿಲ್ಲ. "ಒಂದ್ ವಿಷ್ಯ. ಮೋಟಾರ್ ಹೊಸದು ಹಾಕ್ಸಿದ್ದೀನಿ. ಈ ಕ್ಯಾಮೆರಾ ಮತ್ತೆ ಹಾಕ್ಸೋಣ ಅಂತ. ಸೇಫಾಗಿ ಹೇಗೆ ಹಾಕೋದು ನೀವೇ ಹೇಳಿ. ಪಾಸ್‌ವರ್ಡ್ ನೀವು ಹೇಳಿದ್ ಹಾಗೇ ಇಡ್ತೀನಿ."

"ಪಾಸ್‌ವರ್ಡ್ ಆಮೇಲೆ ನೋಡೋಣ" ಎಂದಳು ವಾಣಿ. "ಅದು ಯಾರನ್ನ ನೋಡುತ್ತೋ ಅವರನ್ನ ಕೇಳಿದ್ರಾ?"

"ಅವಳೇನು ಬೇಡ ಅಂತಾಳಾ. ಮನೆ ಸೇಫ್ಟಿಗೇ ಅಲ್ವ?"

"ಕೇಳಿ."

ಅವನು ಸುತ್ತ ನೋಡಿದ. ನನ್ನನ್ನು ನೋಡಿ ಮುಜುಗರಪಟ್ಟ. ನಾನು ಪ್ರಸಾದದ ಪೊಟ್ಟಣ ಹಿಡಿದುಕೊಂಡು ಅಲ್ಲೇ ಕೂತಿದ್ದೆ, ಏಳಲಿಲ್ಲ. ಕೊನೆಗೆ ಫೋನ್ ಮಾಡಿದ. ವಿಷಯ ಹೇಳಿದ, ಮೋಟಾರ್ ಎಷ್ಟು ಒಳ್ಳೆಯದು ಎಂಬುದನ್ನೂ ಹೇಳಿದ. ಆ ಕಡೆಯಿಂದ ಬಂದದ್ದು ಒಂದೇ ಮಾತು. ಆಫೀಸು ಸಣ್ಣದು, ನಮಗೂ ಕೇಳಿಸಿತು.

"ಬೇಡ."

"ಅಲ್ಲ ಕಣೇ, ಈ ಸಲ..."

"ಬೇಡ ಅಂದೆ. ಕ್ಲಾಸಿದೆ, ಇಡ್ತೀನಿ."

ಯೋಗರಾಜ್ ಫೋನನ್ನು ಜೇಬಿಗೆ ಹಾಕಿಕೊಂಡ. ಕ್ಯಾಮೆರಾವನ್ನು ಎಲ್ಲಿಡಬೇಕು ಎಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಸಿಹಿಯ ಪಕ್ಕದಲ್ಲಿ ಇಟ್ಟ.

"ಬೇಡ ಅಂತೆ" ಎಂದ.

"ಕೇಳಿಸ್ತು" ಎಂದಳು ವಾಣಿ.